ನೀವು ಮಾತಾಡುವಾಗ ಎದುರಿನವರು ಏನು ಬರ್ಕೊಳ್ತಾರೆ? ಒಂದು ಮಾಕ್ ಇಂಟರ್‌ವ್ಯೂ, ಎರಡು ಸಲ

ನಿರೂಪಕಿ: ನಮಸ್ಕಾರ ಎಲ್ರಿಗೂ. ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದು, "ಚೆನ್ನಾಗೇ ಮಾತಾಡಿದ್ನಲ್ಲ" ಅಂದ್ಕೊಂಡು, ಆಮೇಲೆ ಫೋನೇ ಬರದೆ ಕಾದು ಕೂತಿದ್ದೀರಾ? ನಾನು 11 ವರ್ಷ ಮೇಜಿನ ಆ ಕಡೆ ಕೂತವಳು. ದಿನಕ್ಕೆ ಏಳೆಂಟು ಜನರನ್ನ ನೋಡಿದ್ರೆ ಸಂಜೆ ಹೊತ್ತಿಗೆ ಯಾರು ಏನಂದ್ರು ಅನ್ನೋದು ಕಲಸಿ ಹೋಗಿರುತ್ತೆ. ಉಳಿಯೋದು ಹಾಳೆ ಮೇಲೆ ನಾವು ಗೀಚಿಕೊಂಡಿದ್ದು ಮಾತ್ರ. ನಿಮಗೆ ಕೆಲಸ ಕೊಡೋಣ ಅಂತ ಮ್ಯಾನೇಜರ್ ಹತ್ರ ನಾನು ವಾದ ಮಾಡಬೇಕಾದ್ರೂ ಆ ಹಾಳೆ ನೋಡ್ಕೊಂಡೇ ಮಾಡಬೇಕು.

ಹಾಗಾಗಿ ಇವತ್ತು ಹಾಳೆಯನ್ನೇ ತೋರಿಸ್ತೀವಿ. ಸಂದರ್ಶಕರಾಗಿ ನನ್ನ ಹಳೇ ಸಹೋದ್ಯೋಗಿ ಬಂದಿದ್ದಾರೆ. ಅಭ್ಯರ್ಥಿ ನಮ್ಮ ವಿಡಿಯೋ ಎಡಿಟ್ ಮಾಡೋ ಹುಡುಗ. ಕೆಲಸ: ಸರಕು ಸಾಗಣೆ ಕಂಪನಿಯೊಂದರ ಕಸ್ಟಮರ್ ಸಪೋರ್ಟ್. ಅವನ ರೆಸ್ಯೂಮೆ: ಪಾರ್ಸೆಲ್ ಆಫೀಸಲ್ಲಿ 2 ವರ್ಷ ಕೆಲಸ, ಆಮೇಲೆ 8 ತಿಂಗಳು ಖಾಲಿ. ಎರಡು ಸಲ ಮಾಡಿಸ್ತೀವಿ. ಅದೇ ಮನುಷ್ಯ, ಅದೇ ರೆಸ್ಯೂಮೆ.

ಒಂದು ಮಾತು. ಮೊದಲನೇ ಸಲ ಅವನು ಕಾಲ ಮೇಲೆ ಕಾಲು ಹಾಕ್ಕೊಂಡು ಫೋನ್ ನೋಡೋದಿಲ್ಲ. ಅಂಥವರನ್ನ ತೋರಿಸಿ "ಇದು ತಪ್ಪು" ಅನ್ನೋದು ಸುಲಭ, ಆದ್ರೆ ಅಂಥವರು ನನಗೆ ಸಿಕ್ಕಿದ್ದೇ ಕಡಿಮೆ. ಕೆಲಸ ಕೈ ತಪ್ಪಿಸ್ಕೊಳ್ಳೋರಲ್ಲಿ ಹೆಚ್ಚಿನವರು ಇಸ್ತ್ರಿ ಬಟ್ಟೆ ಹಾಕ್ಕೊಂಡು ಹತ್ತು ನಿಮಿಷ ಮುಂಚೆನೇ ಬಂದು ಕೂತಿರೋ ಸಭ್ಯರೇ.

(ಮೇಜು. ಸಂದರ್ಶಕರ ಮುಂದೆ ಒಂದು ಖಾಲಿ ಹಾಳೆ, ಪೆನ್ನು.)

ಸಂದರ್ಶಕ: ಬನ್ನಿ, ಕೂತ್ಕೊಳ್ಳಿ. ನಿಮ್ಮ ಬಗ್ಗೆ ಸ್ವಲ್ಪ ಹೇಳಿ.

ಅಭ್ಯರ್ಥಿ: ಥ್ಯಾಂಕ್ಯೂ ಸರ್. ನಾನು ಬಿಕಾಂ ಮುಗಿಸಿದ್ದೀನಿ. ಮನೇಲಿ ನಾವು ನಾಲ್ಕು ಜನ. ಪಾರ್ಸೆಲ್ ಆಫೀಸಲ್ಲಿ ಎರಡು ವರ್ಷದ ಅನುಭವ ಇದೆ. ನಾನು ಹಾರ್ಡ್ ವರ್ಕರ್, ಬೇಗ ಕಲೀತೀನಿ, ಟೀಮ್ ಜೊತೆ ಹೊಂದ್ಕೊಂಡು ಹೋಗ್ತೀನಿ.

ಸಂದರ್ಶಕ: ಸರಿ. ಸಿಟ್ಟಾಗಿದ್ದ ಗ್ರಾಹಕರೊಬ್ಬರನ್ನ ಸಂಭಾಳಿಸಿದ ಪ್ರಸಂಗ ಹೇಳ್ತೀರಾ?

ಅಭ್ಯರ್ಥಿ: ತುಂಬಾ ಜನ ಬರ್ತಿದ್ರು ಸರ್. ನಾವು ಯಾವಾಗ್ಲೂ ತಾಳ್ಮೆಯಿಂದ ಕೇಳ್ತಿದ್ವಿ. ಅವರ ಸಮಸ್ಯೆ ಅರ್ಥ ಮಾಡ್ಕೊಂಡು ಪರಿಹಾರ ಮಾಡಿಕೊಡಲಾಗ್ತಿತ್ತು.

ಸಂದರ್ಶಕ: ಎಕ್ಸೆಲ್ ಗೊತ್ತಾ?

ಅಭ್ಯರ್ಥಿ: ಚೆನ್ನಾಗಿ ಗೊತ್ತು ಸರ್.

ಸಂದರ್ಶಕ: ಎರಡು ಶೀಟ್ ಇದೆ. ಒಂದರಲ್ಲಿ ಪಾರ್ಸೆಲ್ ನಂಬರ್, ಇನ್ನೊಂದರಲ್ಲಿ ಅದೇ ನಂಬರ್ ಮತ್ತೆ ಅದರ ಸ್ಥಿತಿ. ಎರಡನ್ನೂ ಹೇಗೆ ಸೇರಿಸ್ತೀರಿ?

ಅಭ್ಯರ್ಥಿ: ಅದು… ಫಿಲ್ಟರ್ ಹಾಕಿ… ಕಾಪಿ ಪೇಸ್ಟ್ ಮಾಡಬಹುದು ಸರ್.

ಸಂದರ್ಶಕ: ಹ್ಞೂಂ. ಈ ಎಂಟು ತಿಂಗಳು?

ಅಭ್ಯರ್ಥಿ: ಸ್ವಲ್ಪ ಪರ್ಸನಲ್ ಪ್ರಾಬ್ಲಮ್ ಇತ್ತು ಸರ್.

ಸಂದರ್ಶಕ: ನಿಮ್ಮ ದೌರ್ಬಲ್ಯ ಏನು?

ಅಭ್ಯರ್ಥಿ: ಕೆಲಸ ಅಂದ್ರೆ ನನಗೆ ಎಲ್ಲಾ ಪರ್ಫೆಕ್ಟ್ ಆಗಿರಬೇಕು ಸರ್. ಅದೇ ನನ್ನ ವೀಕ್‌ನೆಸ್.

ಸಂದರ್ಶಕ: (ಪೆನ್ನು ಕೆಳಗಿಟ್ಟು) ನಮ್ಮನ್ನ ಏನಾದ್ರೂ ಕೇಳೋದಿದೆಯಾ?

ಅಭ್ಯರ್ಥಿ: ಇಲ್ಲ ಸರ್, ಎಲ್ಲಾ ಗೊತ್ತಾಯ್ತು.

ನಿರೂಪಕಿ: ಕಟ್. ಹಾಳೆ ಕೊಡಿ ಸರ್. (ಕ್ಯಾಮೆರಾಗೆ ತೋರಿಸ್ತಾರೆ.) "ಬಿಕಾಂ. ಪಾರ್ಸೆಲ್ 2 ವರ್ಷ. ಎಕ್ಸೆಲ್ ಇಲ್ಲ. ಗ್ಯಾಪ್, ಕಾರಣ ಹೇಳಲಿಲ್ಲ." ಮೊದಲ ಎರಡು ರೆಸ್ಯೂಮೆಯಲ್ಲೇ ಇತ್ತು. ಹೊಸದಾಗಿ ಸೇರಿದ ಎರಡೂ ಇವನಿಗೆ ವಿರುದ್ಧ. ಹದಿನೈದು ನಿಮಿಷ ಕೂತು ತನ್ನ ಕೇಸನ್ನ ತಾನೇ ಕೆಡಿಸ್ಕೊಂಡ, ಅದೂ ಒಂದು ಕೆಟ್ಟ ಮಾತೂ ಆಡದೆ.

ಸಂದರ್ಶಕ: "ಹಾರ್ಡ್ ವರ್ಕರ್" ಅಂದಾಗ ಬರ್ಕೊಳ್ಳೋಕೆ ಹೋದೆ ಮೇಡಂ. ಇದಕ್ಕಿಂತ ಮುಂಚೆ ಬಂದವರೂ ಅದನ್ನೇ ಅಂದಿರ್ತಾರೆ, ಏನಂತ ಬರೀಲಿ?

ನಿರೂಪಕಿ: ಅದೇ. ಇನ್ನೊಂದು ಗಮನಿಸಿ. "ಪರಿಹಾರ ಮಾಡಿಕೊಡಲಾಗ್ತಿತ್ತು" ಅಂದ. ಮಾಡಿಕೊಟ್ಟಿದ್ದು ಯಾರು? ನಮ್ಮಲ್ಲಿ "ನಾನು ಮಾಡಿದೆ" ಅಂದ್ರೆ ಜಂಬ ಅನ್ನಿಸುತ್ತೇನೋ ಅಂತ ಸಂಕೋಚ. ಊಟದ ಮನೇಲಿ ಆ ಸಂಕೋಚ ಚೆಂದ, ಇಂಟರ್‌ವ್ಯೂ ಮೇಜಲ್ಲಿ ಅಲ್ಲ. ಟೀಮ್ ಮಾಡಿದ್ದಕ್ಕೆ "ನಾವು" ಅನ್ನಿ, ನೀವು ಮಾಡಿದ್ದಕ್ಕೆ "ನಾನು" ಅನ್ನಿ. ಸರಿ, ಎರಡನೇ ಸಲ.

(ಹೊಸ ಹಾಳೆ.)

ಸಂದರ್ಶಕ: ನಿಮ್ಮ ಬಗ್ಗೆ ಸ್ವಲ್ಪ ಹೇಳಿ.

ಅಭ್ಯರ್ಥಿ: ನಾನು ಎರಡು ವರ್ಷ ಪಾರ್ಸೆಲ್ ಆಫೀಸಿನ ದೂರು ವಿಭಾಗದಲ್ಲಿದ್ದೆ ಸರ್. ದಿನಕ್ಕೆ ಸುಮಾರು 40 ಕಾಲ್ ತಗೊಳ್ತಿದ್ದೆ. ಬಹುಪಾಲು ತಡವಾದ ಅಥವಾ ತಪ್ಪು ವಿಳಾಸಕ್ಕೆ ಹೋದ ಪಾರ್ಸೆಲ್‌ಗಳು. ಅಲ್ಲಿ ಚಿಕ್ಕ ಪಾರ್ಸೆಲ್ ಮಾತ್ರ. ನಿಮ್ಮ ಜಾಹೀರಾತಿನಲ್ಲಿ ಅಂಗಡಿ, ಕಾರ್ಖಾನೆಗಳಿಗೆ ಹೋಗೋ ದೊಡ್ಡ ಸರಕು ಅಂತ ಇತ್ತು. ಅಲ್ಲಿ ಒಂದು ದಿನ ತಡ ಆದ್ರೆ ಅವರ ಕೆಲಸವೇ ನಿಲ್ಲುತ್ತೆ. ಆ ಮಟ್ಟದ ಜವಾಬ್ದಾರಿ ಬೇಕು ಅಂತ ಅರ್ಜಿ ಹಾಕಿದೆ.

ನಿರೂಪಕಿ: (ಪಕ್ಕದಿಂದ, ಮೆಲ್ಲಗೆ) ಒಂದು ನಿಮಿಷದೊಳಗೆ ಮುಗಿಸಿದ. ಏನು ಮಾಡ್ತಿದ್ದೆ, ಇಲ್ಲಿಗೆ ಯಾಕೆ ಬಂದೆ. ಮನೇಲಿ ಎಷ್ಟು ಜನ ಅನ್ನೋದು ಬೇಕಾಗಲಿಲ್ಲ.

ಸಂದರ್ಶಕ: ಸಿಟ್ಟಾಗಿದ್ದ ಗ್ರಾಹಕರೊಬ್ಬರ ಪ್ರಸಂಗ ಹೇಳಿ.

ಅಭ್ಯರ್ಥಿ: ಒಬ್ಬರ ಪಾರ್ಸೆಲ್ ಟ್ರ್ಯಾಕಿಂಗ್‌ನಲ್ಲಿ ತಲುಪಿದೆ ಅಂತ ತೋರಿಸ್ತಿತ್ತು, ಅವರ ಕೈಗೆ ಸಿಕ್ಕಿರಲಿಲ್ಲ. ಅವರು ಮೂರನೇ ಸಲ ಫೋನ್ ಮಾಡಿದ್ದು ನನಗೆ ಬಂತು. ಫೋನ್ ಎತ್ತಿದ ಕೂಡ್ಲೇ ಬೈಗುಳ. ಪಾರ್ಸೆಲ್ ಸಿಗದೇ ಇದ್ದಿದ್ದಕ್ಕಿಂತ, ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕಾಗಿದ್ದೇ ಅವರ ಸಿಟ್ಟಿಗೆ ಕಾರಣ ಅಂತ ಅನ್ನಿಸ್ತು. ಹಿಂದಿನ ಎರಡು ಕಾಲ್‌ನ ಟಿಪ್ಪಣಿ ತೆಗೆದು, "ಸರ್, ಸೋಮವಾರ ಹೀಗಾಯ್ತು, ಬುಧವಾರ ಹೀಗಂದ್ರಿ, ಸರಿ ತಾನೇ" ಅಂತ ನಾನೇ ಓದಿದೆ. ಅವರ ದನಿ ಇಳೀತು. ಆಮೇಲೆ ಡೆಲಿವರಿ ಹುಡುಗ ತೆಗೆದಿದ್ದ ಫೋಟೋ ತರಿಸಿ ಅವರಿಗೆ ಕಳಿಸಿದೆ. ಬಾಗಿಲು ಅವರದ್ದಲ್ಲ, ಪಕ್ಕದ ಕಟ್ಟಡದ್ದು. ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ ಅಂದಿದ್ದೆ. ನಾಲ್ಕಕ್ಕೂ ಬ್ರಾಂಚಿಂದ ಉತ್ತರ ಬಂದಿರಲಿಲ್ಲ. ಆದ್ರೂ ಫೋನ್ ಮಾಡಿ "ಇನ್ನೂ ಉತ್ತರ ಬಂದಿಲ್ಲ, ಆರಕ್ಕೆ ಮತ್ತೆ ಮಾಡ್ತೀನಿ" ಅಂದೆ. ಸಂಜೆ ಸಿಕ್ತು.

ಸಂದರ್ಶಕ: (ಬರ್ಕೊಳ್ತಾ) ಆಮೇಲೆ?

ಅಭ್ಯರ್ಥಿ: ಹಳೇ ಟಿಪ್ಪಣಿ ಓದಿಯೇ ಮಾತು ಶುರು ಮಾಡೋಣ ಅಂತ ಟೀಮ್ ಲೀಡರ್‌ಗೆ ಹೇಳಿದೆ. ನಮ್ಮ ಆರೂ ಜನ ಹಾಗೆ ಮಾಡೋಕೆ ಶುರು ಮಾಡಿದ್ವಿ. ಎಷ್ಟು ದೂರು ಕಮ್ಮಿ ಆಯ್ತು ಅಂತ ನಾನು ಲೆಕ್ಕ ಇಟ್ಟಿಲ್ಲ ಸರ್.

ನಿರೂಪಕಿ: ನಿಲ್ಲಿಸಿ, ಇಲ್ಲಿ ಸ್ವಲ್ಪ ಹೊತ್ತು ಇರೋಣ. ಇದಕ್ಕೆ ಸ್ಟಾರ್ ವಿಧಾನ ಅಂತಾರೆ: ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಆದ ಫಲ. ಕೇಳಿರ್ತೀರಿ. ಎಡವೋದು ಪ್ರಮಾಣದಲ್ಲಿ. ಸಂದರ್ಭ ವಿವರಿಸೋದ್ರಲ್ಲೇ ಮುಕ್ಕಾಲು ಹೊತ್ತು ಕಳೆದು, "ನಾನು ಏನು ಮಾಡಿದೆ" ಅನ್ನೋದನ್ನ ಒಂದೇ ವಾಕ್ಯದಲ್ಲಿ ಮುಗಿಸ್ತಾರೆ. ಇವನು ಸಂದರ್ಭ ಎರಡೇ ಮಾತಲ್ಲಿ ಹೇಳಿ, ಉಳಿದದ್ದೆಲ್ಲ ಮಾಡಿದ್ದಕ್ಕೇ ಕೊಟ್ಟ. ನಾಲ್ಕು ಗಂಟೆ ಫೋನ್ ವಿಷಯ ನೋಡಿ. ಹೇಳೋಕೆ ಏನೂ ಇಲ್ಲದಿದ್ರೂ ಹೇಳಿದ ಹೊತ್ತಿಗೆ ಫೋನ್ ಮಾಡೋ ಮನುಷ್ಯ ಅನ್ನೋದು ನಮಗೆ ಗೊತ್ತಾಯ್ತು. ಅವನು "ನಾನು ಪ್ರಾಮಾಣಿಕ" ಅಂತ ಎಲ್ಲೂ ಅನ್ನಲಿಲ್ಲ. ಕೊನೆಗೆ "ಲೆಕ್ಕ ಇಟ್ಟಿಲ್ಲ" ಅಂದನಲ್ಲ, ಅಲ್ಲಿ ಬಾಯಿಗೆ ಬಂದ ಶೇಕಡಾವಾರು ಹೇಳಿಬಿಡೋರು ಇದ್ದಾರೆ. "ಹೇಗೆ ಅಳೆದ್ರಿ?" ಅಂತ ನಾವು ಕೇಳೇ ಕೇಳ್ತೀವಿ.

ಇಂಥ ಪ್ರಸಂಗ ನಾಲ್ಕೈದು ಮೊದಲೇ ನೆನಪು ಮಾಡಿಟ್ಕೊಳ್ಳಿ. ಒಂದರಲ್ಲಿ ಸೋತಿದ್ದೂ ಇರಲಿ. ಆದ್ರೆ ಬಾಯಿಪಾಠ ಬೇಡ. ಬಾಯಿಪಾಠದವರು ಮಧ್ಯದಲ್ಲಿ ಪ್ರಶ್ನೆ ಹಾಕಿದ್ರೆ ಮೊದಲನೇ ಸಾಲಿಗೇ ವಾಪಸ್ ಹೋಗ್ತಾರೆ. ಮುಂದುವರಿಸಿ ಸರ್.

ಸಂದರ್ಶಕ: ಎಕ್ಸೆಲ್‌ನಲ್ಲಿ ಆ ಎರಡು ಶೀಟ್ ಹೇಗೆ ಸೇರಿಸ್ತೀರಿ?

ಅಭ್ಯರ್ಥಿ: VLOOKUP ಬಳಸ್ತೀನಿ ಸರ್. ಹೀಗೆ:

```
=VLOOKUP(A2,Sheet2!A:B,2,FALSE)
```

ಕೊನೇಲಿ FALSE ಹಾಕಲೇಬೇಕು. ಬಿಟ್ರೆ ಅದು ಹತ್ತಿರದ ನಂಬರ್ ಹಿಡಿದು ಬೇರೆ ಪಾರ್ಸೆಲ್‌ನ ಸ್ಥಿತಿ ತೋರಿಸಬಹುದು. ಒಂದು ಸಲ ಹಾಗಾಗಿ ಪೇಚಿಗೆ ಸಿಕ್ಕಿದ್ದೆ. ನಂಬರ್ ಇದ್ರೂ #N/A ಬಂದ್ರೆ, ಹಿಂದೆ ಮುಂದೆ ಖಾಲಿ ಜಾಗ ಸೇರಿದೆಯಾ ಅಂತ TRIM ಹಾಕಿ ನೋಡ್ತೀನಿ. ಪಿವೋಟ್ ಟೇಬಲ್ ಈಗ ಕಲೀತಿದ್ದೀನಿ, ಪೂರ್ತಿ ಬರಲ್ಲ.

ನಿರೂಪಕಿ: "ಪೂರ್ತಿ ಬರಲ್ಲ." ಇದನ್ನ ಹೇಳಿದ್ರಿಂದ ಮೊದಲು ಹೇಳಿದ್ದೆಲ್ಲ ನಂಬಬಹುದು ಅಂತಾಯ್ತು.

ಸಂದರ್ಶಕ: ಈ ಎಂಟು ತಿಂಗಳು?

ಅಭ್ಯರ್ಥಿ: ತಂದೆಗೆ ಆಪರೇಷನ್ ಆಯ್ತು ಸರ್, ನೋಡ್ಕೊಳ್ಳೋಕೆ ನಾನೇ ಇರಬೇಕಾಯ್ತು. ಈಗ ಅವರು ಚೆನ್ನಾಗಿದ್ದಾರೆ, ಪೂರ್ತಿ ಹೊತ್ತು ಕೆಲಸಕ್ಕೆ ಬರಬಲ್ಲೆ. ಎಕ್ಸೆಲ್ ಕಲಿತಿದ್ದು ಆಗಲೇ.

ನಿರೂಪಕಿ: ಮೂರು ವಾಕ್ಯ. ಖಾಸಗಿ ವಿಷಯ ಬಿಚ್ಚಿಡಲೇಬೇಕು ಅಂತಿಲ್ಲ. "ಮನೆಯ ಜವಾಬ್ದಾರಿ ಇತ್ತು, ಈಗ ಮುಗಿದಿದೆ" ಅಂದ್ರೂ ಸಾಕು. ಆ "ಈಗ ಮುಗಿದಿದೆ" ಅನ್ನೋದನ್ನ ಮಾತ್ರ ಬಿಡಬೇಡಿ. ನಮಗೆ ಬೇಕಿರೋದು ಅದೊಂದೇ.

ಸಂದರ್ಶಕ: ದೌರ್ಬಲ್ಯ?

ಅಭ್ಯರ್ಥಿ: ಇಮೇಲ್ ಉದ್ದ ಬರೀತೀನಿ ಸರ್. ಬೇಕಾದ ವಿಷಯ ಕೊನೇ ಪ್ಯಾರಾದಲ್ಲಿ ಇರುತ್ತೆ ಅಂತ ಲೀಡರ್ ಎರಡು ಸಲ ಹೇಳಿದ್ರು. ಈಗ ಏನಾಗಬೇಕು ಅನ್ನೋದನ್ನ ಮೊದಲ ಸಾಲಲ್ಲೇ ಹಾಕ್ತೀನಿ. ಅವಸರದಲ್ಲಿ ಇನ್ನೂ ಒಮ್ಮೊಮ್ಮೆ ಮರೀತೀನಿ.

ಸಂದರ್ಶಕ: ಸಂಬಳ ಎಷ್ಟು ನಿರೀಕ್ಷೆ ಮಾಡ್ತಿದ್ದೀರಿ?

ಅಭ್ಯರ್ಥಿ: ಈ ಹುದ್ದೆಗೆ ನೀವು ಇಟ್ಟಿರೋ ಮಿತಿ ತಿಳಿಸಿದ್ರೆ ಅದರೊಳಗೆ ನನ್ನ ಅಂಕಿ ಹೇಳ್ತೀನಿ ಸರ್.

ನಿರೂಪಕಿ: ಇದು ಒಂದು ಸಲ ನಡೆಯುತ್ತೆ. "ಇಲ್ಲ, ನೀವೇ ಹೇಳಿ" ಅಂದ್ರೆ ಮತ್ತೆ ಆಟ ಆಡಬೇಡಿ. ಮೊದಲೇ ವಿಚಾರಿಸಿಟ್ಕೊಂಡ ಅಂಕಿ ಹೇಳಿ, ಸುಮ್ಮನಾಗಿ.

ಸಂದರ್ಶಕ: ನಮ್ಮನ್ನ ಏನಾದ್ರೂ ಕೇಳೋದಿದೆಯಾ?

ಅಭ್ಯರ್ಥಿ: ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲ ಮೂರು ತಿಂಗಳಲ್ಲಿ ಎಲ್ಲಿ ಹೆಚ್ಚು ಕಷ್ಟಪಡ್ತಾರೆ ಸರ್?

ಸಂದರ್ಶಕ: (ಸ್ವಲ್ಪ ಯೋಚಿಸಿ) ಡ್ರೈವರ್‌ಗಳ ಜೊತೆ ಮಾತಾಡೋದ್ರಲ್ಲಿ. ಗ್ರಾಹಕರನ್ನ ಸಮಾಧಾನ ಮಾಡೋದು ಬೇಗ ಕಲೀತಾರೆ. ರಾತ್ರಿಯೆಲ್ಲಾ ಗಾಡಿ ಓಡಿಸಿ ದಣಿದವನಿಂದ ಸರಿಯಾದ ಮಾಹಿತಿ ತಗೊಳ್ಳೋದು ಕಷ್ಟ.

ಅಭ್ಯರ್ಥಿ: ಡೆಲಿವರಿ ಹುಡುಗರ ಜೊತೆ ನನಗೂ ಅದೇ ಆಗ್ತಿತ್ತು ಸರ್. ಫೋನಲ್ಲಿ ಕೇಳಿದ್ರೆ ಸಿಡುಕ್ತಿದ್ರು. ಫೋಟೋ ಕಳಿಸಿ ಅಂದ್ರೆ ಕಳಿಸ್ತಿದ್ರು.

ನಿರೂಪಕಿ: ಕಟ್! ಇದು ಸ್ಕ್ರಿಪ್ಟಲ್ಲಿ ಇರಲೇ ಇಲ್ಲ ಕಣೋ. ಒಂದು ಒಳ್ಳೇ ಪ್ರಶ್ನೆ ಕೇಳಿದ್ದಕ್ಕೆ ತನ್ನ ಪರವಾಗಿ ಇನ್ನೊಂದು ಸಾಲು ಬರೆಸ್ಕೊಂಡ. ಹಾಳೆ ಕೊಡಿ ಸರ್.

(ಓದ್ತಾರೆ.) "ದಿನಕ್ಕೆ 40 ಕಾಲ್. ಹಳೇ ಟಿಪ್ಪಣಿ ಓದಿ ಮಾತು ಶುರು, ಟೀಮಿಗೂ ಹೇಳಿದ. ಹೇಳಿದ ಹೊತ್ತಿಗೆ ಫೋನ್. VLOOKUP ಗೊತ್ತು, ಪಿವೋಟ್ ಕಲಿಸಬೇಕು. ಗ್ಯಾಪ್ ಸರಿ. ಇಮೇಲ್ ಉದ್ದ. ಡ್ರೈವರ್: ಫೋಟೋ ಉಪಾಯ." ಕೆಳಗೆ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಇದೇನು?

ಸಂದರ್ಶಕ: ಅದು ನನ್ನದೇ ತಪ್ಪು ಮೇಡಂ. ಯಾವತ್ತಿಂದ ಕೆಲಸಕ್ಕೆ ಬರ್ತೀರಿ ಅಂತ ಕೇಳೋಕೆ ಮರೆತೆ.

ಅಭ್ಯರ್ಥಿ: ಸೋಮವಾರದಿಂದ ಸರ್.

ನಿರೂಪಕಿ: ಏಯ್, ನನ್ನ ವಿಡಿಯೋ ಯಾರು ಎಡಿಟ್ ಮಾಡ್ತಾರೆ?