ಜುಲೈ 17ರ ಸ್ಪ್ರಿಂಟ್ ರೆಟ್ರೋ: ರೆಕಾರ್ಡಿಂಗ್ ಕೇಳಿ ಬರೆದದ್ದು

ಎಲ್ಲರಿಗೂ ನಮಸ್ಕಾರ. ಮೀನಿನ ತೂಕದ ಚೀಟಿ ಬರೆಯುವ ನಮ್ಮ ಆ್ಯಪ್‌ನ ಶುಕ್ರವಾರದ ರೆಟ್ರೋವನ್ನು ಪೂರ್ತಿ ಕೇಳಿ ಇದನ್ನು ಬರೆದಿದ್ದೇನೆ. ಒಟ್ಟು 1 ಗಂಟೆ 12 ನಿಮಿಷ. ಮಧ್ಯೆ ಕರೆಂಟ್ ಹೋಗಿ 31:10ರಿಂದ 33:00ರವರೆಗೆ ಏನೂ ಕೇಳುವುದಿಲ್ಲ, ಆಗ ಮಾತಾಡಿದವರು ನಿಮ್ಮ ಮಾತನ್ನು ಸೇರಿಸಿಬಿಡಿ. ಯಾರ ಹೆಸರೂ ಹಾಕಿಲ್ಲ, ಯಾವ ಕೆಲಸದವರು ಅಂತ ಮಾತ್ರ ಬರೆದಿದ್ದೇನೆ. "ನೋಡೋಣ" ಅಂತ ಬಿಟ್ಟದ್ದನ್ನು ತೀರ್ಮಾನದ ಜೊತೆ ಸೇರಿಸಿಲ್ಲ. ಎಲ್ಲರೂ ಹೌದು ಅಂದು, ಒಬ್ಬರು ಹೊಣೆ ಹೊತ್ತದ್ದು ಮಾತ್ರ ತೀರ್ಮಾನ.

ಚೆನ್ನಾಗಿ ಆದದ್ದು

ಟೆಸ್ಟಿಂಗ್‌ನವರು ಮಲ್ಪೆಗೆ ಹೋಗಿ ಬಂದದ್ದು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, ಬೋಟ್‌ಗಳೆಲ್ಲ ದಡದಲ್ಲಿ, ದಕ್ಕೆಯಲ್ಲಿ ಏಲಂ ನೋಡುವ ಹಾಗಿಲ್ಲ. ಆದರೂ ಇಬ್ಬರು ರೈಟರ್‌ಗಳನ್ನು ಕೂರಿಸಿ, ಕೈ ಒದ್ದೆ ಮಾಡಿಕೊಂಡು ಫೋನ್‌ನಲ್ಲಿ ತೂಕದ ಚೀಟಿ ಬರೆಯಲು ಹೇಳಿದರು. "ಈ ಬಟನ್ ಒತ್ತಲಿಕ್ಕೇ ಆಗುದಿಲ್ಲ ಮಾರಾಯ್ರೆ" ಅಂತ ಒಬ್ಬರು ಅಂದದ್ದು ನಮಗೆ ಸಿಕ್ಕಿದ ದೊಡ್ಡ ಸುದ್ದಿ. ಅದೇ ವಾರ ಬಟನ್ ದೊಡ್ಡದಾಯಿತು. ಆಫೀಸಲ್ಲಿ ಕೂತು ಇದು ಗೊತ್ತಾಗುತ್ತಿರಲಿಲ್ಲ.

ನೆಟ್‌ವರ್ಕ್ ಇಲ್ಲದಾಗಲೂ ಚೀಟಿ ಫೋನ್‌ನಲ್ಲೇ ಉಳಿಯುವುದು ಹೇಳಿದ ದಿನಕ್ಕೆ ಮುಗಿಯಿತು. ಆ್ಯಪ್ ಮತ್ತು ಬ್ಯಾಕೆಂಡ್‌ನವರು ಒಟ್ಟಿಗೆ ಕೂತು ಮಾಡಿದ್ದರಿಂದ ಬೇಗ ಆಯಿತು ಅಂತ ಇಬ್ಬರೂ ಹೇಳಿದ್ದಾರೆ.

ನೋವಾದದ್ದು

ಅತಿ ಹೆಚ್ಚು ಮಾತಾಡಿದ್ದು ಇದರ ಬಗ್ಗೆಯೇ, 18:20ರಿಂದ ಕೇಳಿ. ಸ್ಪ್ರಿಂಟ್ ಅರ್ಧದಲ್ಲಿದ್ದಾಗ ಗ್ರಾಹಕರು ನೇರವಾಗಿ ಆ್ಯಪ್‌ನವರಿಗೆ ಫೋನ್ ಮಾಡಿ ಕಮಿಷನ್ ಲೆಕ್ಕ ಬದಲಿಸಲು ಕೇಳಿದರು. ಅವರು ಇಲ್ಲ ಅನ್ನಲಾಗದೆ ಎರಡು ದಿನ ಅದನ್ನೇ ಮಾಡಿದರು, ಚೀಟಿ ಕಳುಹಿಸುವ ಕೆಲಸ ಹಿಂದೆ ಬಿತ್ತು, ಟೆಸ್ಟಿಂಗ್‌ನವರಿಗೆ ಗೊತ್ತಾದದ್ದು ಕೊನೆಯ ದಿನ. ಎಲ್ಲರಿಗೂ ಬೇಸರ ಆಗಿದೆ, ಎಲ್ಲರ ಬೇಸರವೂ ಸರಿಯೇ. ನನಗೆ ಕೇಳಿಸಿದ್ದು ಇಷ್ಟು: ಇಲ್ಲಿ ಯಾರೂ ಸೋಮಾರಿತನ ಮಾಡಿಲ್ಲ, ಹೀಗೆ ಬಂದ ಬೇಡಿಕೆಯನ್ನು ಎಲ್ಲಿ ಇಡಬೇಕು ಅಂತ ನಾವು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು, ಎರಡೆರಡು ಚೀಟಿ. ಸರ್ವರ್ ಉಳಿಸಿಕೊಂಡಿತು, ಉತ್ತರ ಫೋನ್‌ಗೆ ಮುಟ್ಟುವ ಮೊದಲೇ ನೆಟ್‌ವರ್ಕ್ ಹೋಯಿತು, ಆ್ಯಪ್ ಮತ್ತೆ ಕಳುಹಿಸಿತು. ಟೆಸ್ಟಿಂಗ್‌ನಲ್ಲೇ ಸಿಕ್ಕಿತು, ಆದರೆ ಆಗಸ್ಟ್‌ನಲ್ಲಿ ಆಗಿದ್ದರೆ ಒಂದೇ ಬಂಗುಡೆ ಬುಟ್ಟಿಗೆ ಎರಡು ಸಲ ದುಡ್ಡು ಹೋಗುತ್ತಿತ್ತು, ಅಲ್ವಾ?

ಪ್ರಿಂಟರ್‌ನಲ್ಲಿ ಒತ್ತಕ್ಷರ ಒಡೆಯುತ್ತದೆ. ಪ್ರತಿ ಚೀಟಿಯ ಕೆಳಗೆ "ಒಟ್ಟು" ಇರುತ್ತದೆ, ಅದೇ ಸರಿ ಬರುವುದಿಲ್ಲ.

ಕೋಡ್ ರಿವ್ಯೂ ಮೂರು ದಿನ ಕಾದದ್ದೂ ಬಂತು (52:00).

ಮುಂದಿನ ಸ್ಪ್ರಿಂಟ್‌ಗೆ ಒಪ್ಪಿಕೊಂಡದ್ದು (ಜುಲೈ 20ರಿಂದ 31)

ಮೊದಲನೆಯದು, ಫೋನ್‌ನಲ್ಲಿ ಬಂದ ಬೇಡಿಕೆ. ಯಾರಿಗೇ ಬರಲಿ, "ಬೋರ್ಡ್‌ಗೆ ಹಾಕುತ್ತೇನೆ, ನಾಳೆ ಬೆಳಿಗ್ಗೆ ಹೇಳುತ್ತೇವೆ" ಅನ್ನುವುದು, ಅಷ್ಟೇ. ಒಳಗೆ ಬರಬೇಕಾ ಬೇಡವಾ ಅಂತ ಪ್ರಾಡಕ್ಟ್ ಓನರ್ ನಿರ್ಧರಿಸುತ್ತಾರೆ, ಬಂದರೆ ಅಷ್ಟೇ ಗಾತ್ರದ ಕೆಲಸ ಒಂದು ಹೊರಗೆ ಹೋಗುತ್ತದೆ, ಅದನ್ನು ಬೆಳಿಗ್ಗೆಯ ಸ್ಟ್ಯಾಂಡಪ್‌ನಲ್ಲಿ ಎಲ್ಲರಿಗೂ ಹೇಳುತ್ತಾರೆ. ಗ್ರಾಹಕರಿಗೆ ತಿಳಿಸುವ ಹೊಣೆಯೂ ಅವರದೇ, ಸೋಮವಾರವೇ.

ಎರಡನೆಯದು, ಪ್ರತಿ ಚೀಟಿಗೂ ಫೋನ್‌ನಲ್ಲೇ ಒಂದು `client_id` ಹುಟ್ಟಬೇಕು, ಮತ್ತೆ ಕಳುಹಿಸಿದರೂ ಅದೇ ಇರಬೇಕು. ಡೇಟಾಬೇಸ್‌ನಲ್ಲಿ ಅದು `UNIQUE`. ಎರಡನೇ ಸಲ ಬಂದರೆ ಹೊಸದು ಸೇರಿಸದೆ ಹಳೆಯ ಚೀಟಿಯನ್ನೇ ವಾಪಸ್ ಕೊಡುವುದು, ತಪ್ಪು ಅಂತ ತೋರಿಸುವುದಲ್ಲ. ಬ್ಯಾಕೆಂಡ್‌ನವರು, 24ರೊಳಗೆ. ಟೆಸ್ಟಿಂಗ್‌ನವರು ಕಳುಹಿಸುವ ಮಧ್ಯೆ ಏರೋಪ್ಲೇನ್ ಮೋಡ್ ಹಾಕಿ 20 ಸಲ ನೋಡುತ್ತಾರೆ, ಒಂದೂ ಎರಡಾಗಬಾರದು.

ಮೂರನೆಯದು, ಚೀಟಿಯನ್ನು ಅಕ್ಷರವಾಗಿ ಅಲ್ಲ, ಚಿತ್ರವಾಗಿ ಪ್ರಿಂಟರ್‌ಗೆ ಕಳುಹಿಸುವುದು. ಪ್ರಿಂಟ್ ಸ್ವಲ್ಪ ನಿಧಾನ ಆಗಬಹುದು, ಆದರೆ ಓದಲು ಬರುತ್ತದೆ. ಆ್ಯಪ್‌ನವರು 28ರಂದು ಮಲ್ಪೆಯ ಎರಡು ಪ್ರಿಂಟರ್‌ನಲ್ಲಿ ತೋರಿಸುತ್ತಾರೆ.

ಎಲ್ಲದಕ್ಕೂ ಆಟೋಮೇಟೆಡ್ ಟೆಸ್ಟ್, ರಿಲೀಸ್ ದಿನ ಬದಲಿಸುವುದು, ಇವೆರಡೂ ಮಾತಿಗೆ ಬಂದು ಹೋದವು. ರಿವ್ಯೂ ಕಾಯುವುದಕ್ಕೂ ತೀರ್ಮಾನ ಆಗಿಲ್ಲ, ಇದು ಮಾತ್ರ ಸುಮ್ನೆ ಬಿಡುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಎರಡು ಸ್ಪ್ರಿಂಟ್‌ನಿಂದ ಇದೇ ದೂರು. ಸೋಮವಾರದ ಪ್ಲ್ಯಾನಿಂಗ್‌ನಲ್ಲಿ ಮೊದಲು ಇದನ್ನೇ ತೆಗೆಯುತ್ತೇನೆ.

ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ, ಯಾವ ನಿಮಿಷ ಅಂತ ಹಾಕಿ ಸೋಮವಾರ ಬೆಳಿಗ್ಗೆ 10ರೊಳಗೆ ತಿದ್ದಿ. ಆಮೇಲೆ ರೆಕಾರ್ಡಿಂಗ್ ಅಳಿಸುತ್ತೇನೆ.