ಐಎಸ್‌ಐ ಗುರುತಿನ ಹೆಲ್ಮೆಟ್: ಮೂರು ಮಾದರಿ, ಮೂರು ಅಳತೆ

ಮೂರೂ ಮಾದರಿಗಳು ಭಾರತೀಯ ಮಾನಕ ಐಎಸ್ 4151ಕ್ಕೆ ಒಳಪಟ್ಟವು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ ಮಾರುವಂತಿಲ್ಲ. ಗುರುತಿನ ಕೆಳಗಿರುವ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಹೆಲ್ಮೆಟ್ ಕೈಗೆ ಬಂದ ಕೂಡಲೇ ಇದನ್ನು ಪರೀಕ್ಷಿಸಿ, ಹೆಸರು ಹೊಂದದಿದ್ದರೆ ವಾಪಸು ಕಳಿಸಿ.

ಪೂರ್ಣಮುಖ, ಎಬಿಎಸ್ ಚಿಪ್ಪು: ₹1,450
ಅಚ್ಚಿನಲ್ಲಿ ಎರಕ ಹೊಯ್ದ ಎಬಿಎಸ್ ಪ್ಲಾಸ್ಟಿಕ್. ದಿನವೂ ಕಚೇರಿಗೆ ಓಡಾಡುವವರಿಗೆ ಸಾಕು. ಗೀರು ನಿರೋಧಕ ಬಿಳಿ ಗ್ಲಾಸ್, ಒತ್ತಿ ಬಿಚ್ಚುವ ಬಕಲ್. ಅಳತೆ: ಎಂ, ಎಲ್, ಎಕ್ಸ್‌ಎಲ್.

ಪೂರ್ಣಮುಖ, ಫೈಬರ್‌ಗ್ಲಾಸ್ ಚಿಪ್ಪು: ₹5,900
ನಾರಿನ ಪದರಗಳನ್ನು ರಾಳದಲ್ಲಿ ಕೂರಿಸಿದ ಚಿಪ್ಪು. ಪೆಟ್ಟು ಬಿದ್ದಾಗ ಪದರಗಳೇ ಒಡೆದು ಹೊಡೆತದ ಒಂದು ಪಾಲನ್ನು ನುಂಗುತ್ತವೆ. ಹೊರಗೆ ಬಿಳಿ ಗ್ಲಾಸ್, ಒಳಗೆ ಇಳಿಸಿಕೊಳ್ಳುವ ಕಪ್ಪು ಗ್ಲಾಸ್. ಹೊರಗ್ಲಾಸಿಗೆ ಪಿನ್‌ಲಾಕ್ ಹಾಳೆ ಕೂರಿಸಬಹುದು; ಆಗುಂಬೆ, ಚಾರ್ಮಾಡಿಯ ಮಳೆಯಲ್ಲಿ ಉಸಿರಿನ ಮಂಜು ಕಟ್ಟದಿರಲು ಇದೇ ಮದ್ದು. ಎರಡು ಉಂಗುರಗಳಲ್ಲಿ ತೂರಿಸಿ ಬಿಗಿಯುವ ಡಬಲ್ ಡಿ-ರಿಂಗ್ ಪಟ್ಟಿ.

ತೆರೆದ ಮುಖ, ಎಬಿಎಸ್ ಚಿಪ್ಪು: ₹1,100
ಹಿಂಬದಿ ಸವಾರರು ಹೆಚ್ಚಾಗಿ ಕೇಳುವುದು ಇದನ್ನೇ. ಗಲ್ಲಕ್ಕೆ ರಕ್ಷಣೆ ಇಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಉದ್ದನೆಯ ಬಿಳಿ ಗ್ಲಾಸ್ ಮಾತ್ರ.

ಬರೀ ಕಪ್ಪು ಅಥವಾ ಬಣ್ಣದ ಗ್ಲಾಸಿನ ಹೆಲ್ಮೆಟ್ ನಾವು ಇಟ್ಟಿಲ್ಲ. ಕತ್ತಲಾದ ಮೇಲೆ ಅದನ್ನು ಮೇಲಕ್ಕೆತ್ತಿಕೊಂಡೇ ಓಡಿಸಬೇಕಾಗುತ್ತದೆ, ಆಗ ಧೂಳು, ಹುಳು ಎಲ್ಲ ಕಣ್ಣಿಗೆ.

ತಲೆ ಅಳೆಯುವುದು
ಹಳೆಯ ಹೆಲ್ಮೆಟ್ಟಿನ ಅಳತೆಯನ್ನು ನಂಬಬೇಡಿ. ಒಳಗಿನ ಸ್ಪಂಜು ಸವೆದು ಅದು ಸಡಿಲವಾಗಿರುತ್ತದೆ. ದರ್ಜಿಯ ಟೇಪನ್ನು ಹುಬ್ಬಿನಿಂದ ಸುಮಾರು 2.5 ಸೆಂ.ಮೀ. ಮೇಲೆ, ಕಿವಿಗಳ ಮೇಲಿನಿಂದ, ತಲೆಯ ಹಿಂಭಾಗ ಹೆಚ್ಚು ಉಬ್ಬಿರುವ ಕಡೆಗೆ ಸುತ್ತಿ. ಮೂರು ಸಲ ಅಳೆದು ದೊಡ್ಡ ಸಂಖ್ಯೆಯನ್ನು ತೆಗೆದುಕೊಳ್ಳಿ. ಟೇಪ್ ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿಗೆ ಹಿಡಿಯಿರಿ. ತುರುಬು ಬಿಚ್ಚಿ, ಜಡೆ ಕೆಳಗೆ ಬಿಟ್ಟುಕೊಂಡೇ ಅಳೆಯಿರಿ.

ನಮ್ಮ ಮೂರೂ ಮಾದರಿಗಳಿಗೆ: ಎಂ 57–58, ಎಲ್ 59–60, ಎಕ್ಸ್‌ಎಲ್ 61–62 ಸೆಂ.ಮೀ.

ಹೊಸದು ಕೆನ್ನೆಯನ್ನು ಒತ್ತಬೇಕು, ಹಣೆ ನೋಯಬಾರದು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಒಂದು ಅಳತೆ ಕಡಿಮೆ ಬೇಕು ಎಂದರ್ಥ. ರಸ್ತೆಗೆ ಇಳಿಸದ ಹೆಲ್ಮೆಟ್ಟನ್ನು 7 ದಿನದೊಳಗೆ ಅಳತೆ ಬದಲಿಸಿಕೊಡುತ್ತೇವೆ.

ಬಿದ್ದು ಪೆಟ್ಟಾದದ್ದನ್ನು ಬದಲಿಸುವುದಿಲ್ಲ, ನೀವೂ ಮತ್ತೆ ಹಾಕಿಕೊಳ್ಳಬೇಡಿ. ಒಳಗಿನ ಥರ್ಮಾಕೋಲ್ ಪದರ ಒಮ್ಮೆ ಕುಸಿದರೆ ಮೊದಲಿನಂತಾಗುವುದಿಲ್ಲ. ಹೊರಗೆ ಒಂದು ಗೀರೂ ಕಾಣದಿರಬಹುದು. ಚಿಪ್ಪನ್ನು ಪೆಟ್ರೋಲ್, ಥಿನ್ನರ್‌ನಿಂದ ಒರೆಸಬೇಡಿ. ಸೋಪಿನ ನೀರು ಸಾಕು.