ಕಾಲಂ ಸಿ7: ನಾಲ್ಕು ಪೈಲ್‌ಗಳ ಕ್ಯಾಪ್, ವಿನ್ಯಾಸ ಟಿಪ್ಪಣಿ

ಕೆಲಸ: ದಾಸ್ತಾನು ಮಳಿಗೆ, ನವನಗರ, ಬಾಗಲಕೋಟೆ. ಮೇಲೆಲ್ಲ ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದಕ್ಕೇ ಪೈಲ್.

ಕಾಲಂ 500 × 500 ಮಿಮೀ, ಲಂಬ ಹೊರೆ 2000 ಕಿಲೋನ್ಯೂಟನ್, 1.5ರಿಂದ ಗುಣಿಸಿ P = 3000. ಪೈಲ್ ವ್ಯಾಸ 500, ಮಧ್ಯದಿಂದ ಮಧ್ಯಕ್ಕೆ L = 1500. ಕ್ಯಾಪ್ 2300 × 2300 × 1000, d = 900. ಎಂ30 ಕಾಂಕ್ರೀಟ್, ಎಫ್‌ಇ500 ರಾಡ್. ಕ್ಯಾಪಿನ ಸ್ವಂತ ತೂಕ 132 ಸೇರಿಸಿ ಒಂದು ಪೈಲಿಗೆ 533. ಸುರಕ್ಷಿತ ಸಾಮರ್ಥ್ಯ 600, ಸಾಕು.

ಟ್ರಸ್ ಮತ್ತು ಟೈ

ಇಷ್ಟು ದಪ್ಪದ ಕ್ಯಾಪನ್ನು ತೊಲೆಯಂತೆ ಬಾಗುತ್ತದೆ ಎಂದು ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹೊರೆ ಕಾಲಂ ಬುಡದಿಂದ ನಾಲ್ಕು ಓರೆ ಸ್ಟ್ರಟ್‌ಗಳ ಮೂಲಕ ಪೈಲ್ ತಲೆಗೆ ಇಳಿಯುತ್ತದೆ; ಪೈಲ್‌ಗಳು ಹೊರಕ್ಕೆ ಸರಿಯದಂತೆ ಹಿಡಿಯುವುದು ತಳದ ಟೈ. ಪ್ರತಿ ಬದಿಯ ಟೈಗೆ:

T = P·L / (8d) = 3000 × 1500 / (8 × 900) = 625 ಕಿಲೋನ್ಯೂಟನ್

As = 625000 / (0.87 × 500) = 1437 ಮಿಮೀ²

20 ಮಿಮೀ ರಾಡ್ 5, ಅಂದರೆ 1571 ಮಿಮೀ². ಕಾಲಂ ಅಗಲವನ್ನು ಲೆಕ್ಕಕ್ಕೆ ತಂದರೆ T 521ಕ್ಕೆ ಇಳಿಯುತ್ತದೆ. ಆ ಉಳಿತಾಯ ಬೇಡ.

ಐದೂ ರಾಡ್ ಪೈಲ್ ತಲೆಯ ಮೇಲೆಯೇ ಹಾಯಬೇಕು. ಜಾಲರಿಯಂತೆ ಸಮನಾಗಿ ಹರಡಿದರೆ ನಡುವಿನ ರಾಡ್‌ಗಳು ಯಾವ ಸ್ಟ್ರಟ್ಟನ್ನೂ ಹಿಡಿಯುವುದಿಲ್ಲ. ನಡುವೆ ಬಿರುಕು ತಡೆಯಲು 12 ಮಿಮೀ, 150 ಅಂತರ.

ಟೈ ಪೈಲ್ ಮೇಲೆ ಬಂದಾಗಲೂ ಪೂರ್ತಿ ಎಳೆತದಲ್ಲಿರುತ್ತದೆ, ಆದ್ದರಿಂದ ತುದಿಯ ಹಿಡಿತಕ್ಕೆ ರಿಯಾಯಿತಿ ಇಲ್ಲ. ಬೇಕಾದ ಉದ್ದ 906. ಪೈಲ್ ಮಧ್ಯದಿಂದಾಚೆ ನೇರ ಸಿಗುವುದು 325, 90 ಡಿಗ್ರಿ ಬಾಗಿಗೆ 160. ಮೇಲಕ್ಕೆ 500 ನಿಲ್ಲಿಸಿದರೆ ಒಟ್ಟು 985.

ಪಂಚಿಂಗ್

ಕಾಲಂ ಮುಖದಿಂದ d/2 ದೂರದಲ್ಲಿ ಸುತ್ತಳತೆ 4 × 1400 = 5600. ಪೈಲ್ ಮಧ್ಯ ಈ ಗೆರೆಯಿಂದ ಸ್ವಲ್ಪವೇ ಹೊರಗಿದೆ. ಐಎಸ್ 456 ಪ್ರಕಾರ ಪ್ರತಿಕ್ರಿಯೆಯ ಒಂದು ಭಾಗವನ್ನಷ್ಟೇ ಹಿಡಿಯಬಹುದು. ನಾನು ಪೂರ್ತಿ 3000 ಹಿಡಿದಿದ್ದೇನೆ.

τv = 3000000 / (5600 × 900) = 0.60; ಮಿತಿ 0.25√30 = 1.37 ನ್ಯೂಟನ್/ಮಿಮೀ². ಸರಿ.

ಕಾಲಂ ಮುಖದಲ್ಲೇ 1.67, ಗರಿಷ್ಠ 3.5. ಮೂಲೆಯ ಪೈಲಿಗೆ ಪೂರ್ತಿ ವೃತ್ತ ಸಿಗುವುದಿಲ್ಲ: ಕಾಲು ವೃತ್ತ ಮತ್ತು ಅಂಚಿನವರೆಗಿನ ಎರಡು ನೇರ ಭಾಗ ಸೇರಿ 1900. 750000 / (1900 × 900) = 0.44, ಸರಿ.

ಒಮ್ಮುಖ ಶಿಯರ್‌ಗೆ d ದೂರದ ಸೆಕ್ಷನ್ ಪೈಲ್‌ಗಳನ್ನೇ ದಾಟಿ ಹೋಗುತ್ತದೆ, ಶಿಯರ್ ಸೊನ್ನೆ ಬರುತ್ತದೆ. ಅದನ್ನು ನಂಬದೆ ಕಾಲಂ ಮುಖದಲ್ಲಿ ನೋಡಿದೆ: 0.72. ಪೈಲ್ ಹತ್ತಿರವಿರುವುದರಿಂದ ಹೆಚ್ಚಿಸಿದ ಮಿತಿ 1.49.

ಸೈಟಿಗೆ

ಪೈಲ್ ತಲೆ ಒಡೆದ ಮೇಲೆ, ರಾಡ್ ಕಟ್ಟುವ ಮೊದಲು ನಾಲ್ಕೂ ಬದಿ ಟೇಪ್ ಹಿಡಿದು ಅಳೆಯಿರಿ. ಅಂತರ 1575 ಆದರೆ T = 656, ರಾಡ್‌ಗಳ ಸಾಮರ್ಥ್ಯ 683. ಯಾವುದೇ ಬದಿ ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಒಂದೇ ಪೈಲ್ ಸರಿದಿದ್ದರೆ, ಹೊರೆಯ ಹಂಚಿಕೆಯೇ ಬದಲಾಗುತ್ತದೆ. ಅಳತೆ ಕಳಿಸಿ, ಹೊಸ ಲೆಕ್ಕ ಬರುವವರೆಗೆ ಕಾಂಕ್ರೀಟ್ ಹಾಕಬೇಡಿ.